ಮಗ್ಗಿಯ ಮಾತ್ರೆ

ಕನ್ನಡ ಮೇಷ್ಟರಿಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ ಎಂಬುದು ಲೋಕದಲ್ಲಿ ಬೇರೂರಿರುವ ನಂಬಿಕೆ. ಇದರಲ್ಲಿ ಸತ್ಯಾಂಶ ಕಡಮೆ. ದಿನ ಬೆಳಗಾದರೆ ಎಣಿಸುವ ಕಸುಬು ನಮ್ಮದು. ಭಾಮಿನಿ ಷಟ್ಪದಿಯ ಮೊದಲ ಸಾಲನ್ನು ಕರಿಹಲಗೆಯ ಮೇಲೆ ಬರೆದು, ಮೂರು ನಾಲ್ಕು, ಮೂರು ನಾಲ್ಕು ಎಂದು ಗೀಟು ಹಾಕಿ, ಒಟ್ಟು ಹದಿನಾಲ್ಕು ಮಾತ್ರೆ ಎಂದು ಸಾರಿದಾಗ, ಹಿಂದಿನ ಬೆಂಚಿನಿಂದ ‘ಊಟಕ್ಕೆ ಮುಂಚೆಯೋ ಆಮೇಲೋ, ಸಾರ್?’ ಎಂಬ ಪ್ರಶ್ನೆ ಬರುವುದು ವರ್ಷಕ್ಕೊಮ್ಮೆ ತಪ್ಪದು. ಔಷಧದ ಅಂಗಡಿಯ ಮಾತ್ರೆಯೂ ಛಂದಸ್ಸಿನ ಮಾತ್ರೆಯೂ ಹೆಸರಿನಲ್ಲಿ ಒಂದೇ ಆಗಿರುವುದು ನನ್ನ ತಪ್ಪಲ್ಲ. ಹನ್ನೆರಡನೆಯ ಶತಮಾನದ ನಮ್ಮ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಲೆಕ್ಕಕ್ಕೂ ಪದ್ಯಕ್ಕೂ ನಮ್ಮಲ್ಲಿ ಹಳೆಯ ನೆಂಟಸ್ತನವೇ ಇದೆ.

ಈ ನೆಂಟಸ್ತನ ಈಚೆಗೆ ನನ್ನ ಪಾಲಿಗೆ ಕೆಲಸವೊಂದನ್ನು ತಂದಿತು. ನನ್ನ ಅಕ್ಕನ ಮಗ ಮನೆಯ ಮಹಡಿಯ ಕೋಣೆಯಲ್ಲಿಯೇ ಕ್ಯಾಮರಾ, ದೀಪ, ಮೈಕು ಎಲ್ಲವನ್ನೂ ಕೂಡಿಸಿಕೊಂಡು ಮಕ್ಕಳ ವೀಡಿಯೊ ತಯಾರಿಸುವವನು. ಒಂದು ಭಾನುವಾರ ಬಂದು, “ಮಾವ, ಕನ್ನಡದಲ್ಲಿ ಮಗ್ಗಿ ಹೇಳಿಕೊಡೋ ವೀಡಿಯೊ ಮಾಡಬೇಕು. ಹಾಡಿನ ಹಾಗೆ ಇರಬೇಕು, ಬೆರಳಾಟ ಇರಬೇಕು, ನೋಡೋಕೆ ತಮಾಷೆಯ ಸಾಮಾನು ಇರಬೇಕು. ಸ್ಕ್ರಿಪ್ಟು ನೀವು ಬರೆದುಕೊಡಿ” ಎಂದ.

“ಮಗ್ಗಿಗೆ ಸ್ಕ್ರಿಪ್ಟು ಯಾಕೋ? ಅದು ಎಲ್ಲರ ಬಾಯಲ್ಲೂ ಇದೆಯಲ್ಲ” ಎಂದೆ.

“ಯಾರ ಬಾಯಲ್ಲಿದೆ? ನಿಮ್ಮ ಮೊಮ್ಮಗಳನ್ನೇ ಕೇಳಿ ನೋಡಿ.”

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಕಾರಣ, ನಲವತ್ತಾರಕ್ಕೇ ತಾತನೆನಿಸಿಕೊಳ್ಳುವ ಯೋಗ ನನ್ನದು. ಮೊಮ್ಮಗಳಿಗೆ ಏಳು ವರ್ಷ. ಇಂಗ್ಲಿಷ್ ಶಾಲೆಯಲ್ಲಿ ಎರಡನೆಯ ತರಗತಿ. ಬೇಸಗೆ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಎಂಬತ್ತೆರಡು ದಾಟಿದ ನನ್ನ ತಾಯಿಯೊಡನೆ ಅಳಗುಳಿಮಣೆ ಆಡುವುದೆಂದರೆ ಅವಳಿಗೆ ಪ್ರಾಣ. ಮಣೆಯಲ್ಲಿ ಒಬ್ಬೊಬ್ಬರಿಗೆ ಏಳು ಗುಳಿ, ಗುಳಿಗೆ ಐದರಂತೆ ಹುಣಿಸೆಬೀಜ. ಆಟ ಮುಗಿದಾಗ ಮುತ್ತಜ್ಜಿ ಗೆದ್ದ ಬೀಜಗಳನ್ನು ಐದೈದಾಗಿ ಗುಳಿಗೆ ಹಾಕುತ್ತ ‘ಐದೈದ್ಲ ಇಪ್ಪತ್ತೈದು, ಐದಾರ್ಲ ಮೂವತ್ತು, ಐದೇಳ್ಲ ಮೂವತ್ತೈದು’ ಎನ್ನುತ್ತಾರೆ. ಮಗು ಬೀಜಗಳನ್ನು ಬಿಟ್ಟು ನನ್ನ ಮುಖ ನೋಡಿ, “ತಾತ, ಮೂವತ್ತೈದು ಅಂದ್ರೆ ಥರ್ಟಿ ಫೈವಾ, ಫಾರ್ಟಿ ಫೈವಾ?” ಎನ್ನುತ್ತದೆ. ಆಟ ಇಬ್ಬರಿಗೂ ಒಂದೇ, ಬೀಜ ಒಂದೇ, ಗೆಲುವಿನ ಲೆಕ್ಕ ಹೇಳಲು ಮಾತ್ರ ನಡುವೆ ದುಭಾಷಿಯೊಬ್ಬ ಕೂರಬೇಕು. ನಾನು ಮನೆಯಲ್ಲಿಲ್ಲದ ದಿನ ಮಣೆಯನ್ನು ಮಡಿಸಿಟ್ಟುಬಿಡುತ್ತಾರಂತೆ.

ಲೆಕ್ಕವನ್ನು ಮನುಷ್ಯ ಮೊದಲು ಯಾವ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಾನೋ ಕೊನೆಯತನಕ ಅದರಲ್ಲಿಯೇ ಗುಣಿಸುತ್ತಾನೆ. ನಮ್ಮ ತಂದೆ ಮೂವತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆದವರು. ತರಕಾರಿಯವನ ಮುಂದೆ ನಿಂತಾಗ ಅವರ ತುಟಿಗಳು ಆಡುತ್ತಿದ್ದುದು ಕನ್ನಡವನ್ನೇ. ಅವರಿಗೆ ಹದಿನಾರರ ಮಗ್ಗಿ ನೀರು ಕುಡಿದಷ್ಟು ಸಲೀಸು. ರೂಪಾಯಿಗೆ ಹದಿನಾರಾಣೆ ನಡೆಯುತ್ತಿದ್ದ ಕಾಲದಲ್ಲಿ ಕಲಿತದ್ದು. ೧೯೫೭ರ ಏಪ್ರಿಲ್ ಒಂದರಂದು ನಯೇ ಪೈಸೆ ಬಂದು ಆಣೆ ಹೋಯಿತು. ತಂದೆಯ ಬಾಯಿಂದ ಮಗ್ಗಿ ಮಾತ್ರ ಹೋಗಲಿಲ್ಲ. ಆದ್ದರಿಂದ ಅಕ್ಕನ ಮಗನಿಗೆ ಒಪ್ಪಿಗೆ ಕೊಟ್ಟೆ.

ಮೊದಲಿಗೆ ಮೂರರ ಮಗ್ಗಿಯನ್ನು ತೆಗೆದುಕೊಂಡೆವು. ಎರಡರದು ತೀರ ಸುಲಭ, ಐದು ಹತ್ತುಗಳು ತಾವಾಗಿಯೇ ಬರುತ್ತವೆ. ನಿಜವಾದ ಮಗ್ಗಿ ಶುರುವಾಗುವುದು ಮೂರರಿಂದ. ಕಾಗದವನ್ನು ನಡುವೆ ಗೀಟೆಳೆದು ಎರಡು ಭಾಗ ಮಾಡಿದೆ. ಎಡಗಡೆ ಕಣ್ಣಿಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ಬಲಗಡೆಯನ್ನು ಮೊದಲು ಬರೆದೆ. ಬರೆದ ಮೇಲೆ ಹಳೆಯ ಚಟ ಬಿಡಲಿಲ್ಲ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆಯಿರುವ ಅಕ್ಷರಕ್ಕೂ ಎರಡು ಎಂದು ಪೆನ್ಸಿಲಿನಿಂದ ಮಾತ್ರೆ ಹಾಕುತ್ತ ಹೋದೆ.

‘ಮೂರೊಂದ್ಲ’: ಐದು ಮಾತ್ರೆ. ‘ಮೂರು’: ಮೂರು ಮಾತ್ರೆ. ‘ಮೂರ್ಮೂರ್ಲ’: ಐದು, ‘ಒಂಬತ್ತು’: ಐದು. ‘ಮೂರಾರ್ಲ’: ಐದು; ‘ಹದಿನೆಂಟು’: ಐದು. ‘ಮೂರೇಳ್ಲ’: ಐದು, ‘ಇಪ್ಪತ್ತೊಂದು’: ಏಳು. ಪ್ರಶ್ನೆಯ ಭಾಗ ‘ಮೂರೆರಡ್ಲ’ ಎಂಬಲ್ಲಿ ಆರಾಗುತ್ತದೆ, ‘ಮೂರೊಂಬತ್ಲ’ ಎಂಬಲ್ಲಿ ಏಳಾಗುತ್ತದೆ. ಮಿಕ್ಕ ಕಡೆಯಲ್ಲೆಲ್ಲ ಐದೇ. ಉತ್ತರದ ಭಾಗ ಮೂರು, ಐದು, ಏಳು ಮಾತ್ರೆಗಳನ್ನು ಬಿಟ್ಟು ಬೇರೆಯಾಗುವುದೇ ಇಲ್ಲ. ಕುತೂಹಲ ಕೆರಳಿ ಹತ್ತರ ತನಕ ಎಲ್ಲ ಮಗ್ಗಿಗಳ ಉತ್ತರಗಳನ್ನೂ ಎಣಿಸಿದೆ. ಹೆಚ್ಚು ಕಡಮೆ ಅಲ್ಲಿಯೂ ಅದೇ ಕಥೆ. ನಾಲ್ಕು, ಆರು, ಎಂಟು, ಹತ್ತು, ನೂರು ಇವೆಲ್ಲ ಮೂರು ಮಾತ್ರೆಯ ಮಾತುಗಳು. ಒಂಬತ್ತು, ಹನ್ನೆರಡು, ಹದಿನಾರು, ಇಪ್ಪತ್ತು, ಅರವತ್ತು ಇವೆಲ್ಲ ಐದರವು. ಮೂವತ್ತಾರು, ಐವತ್ನಾಲ್ಕು, ಎಪ್ಪತ್ತೆರಡು, ಎಂಬತ್ತೊಂದು ಇವೆಲ್ಲ ಏಳರವು. ಯಾವ ಕವಿಯೂ ಕೂತು ಹೊಂದಿಸಿದ್ದಲ್ಲ ಇದು. ಕನ್ನಡದ ಎಣಿಕೆಯ ಪದಗಳು ತಾವಾಗಿಯೇ ಹೀಗೆ ಸಾಲುಗಟ್ಟಿ ನಿಂತಿವೆ.

ಇದನ್ನು ಎಣಿಸಿದ್ದು ಬರಿಯ ವಿನೋದಕ್ಕಲ್ಲ. ಹಾಡಿನ ಹಾಗಿರಬೇಕು ಎಂದರೆ ತಾಳ ಬೇಕು. ತಾಳ ಬೇಕಾದರೆ ಅತಿ ಉದ್ದದ ಮಾತಿಗೂ ಎಡೆಯಿರಬೇಕು. ಏಳು ಮಾತ್ರೆಯ ಉತ್ತರ ಹಿಡಿಯುವ ಅಚ್ಚುಕಟ್ಟಾದ ಪಾತ್ರೆ ಎಂಟು ಮಾತ್ರೆಯದು. ಉಳಿದ ಒಂದರಲ್ಲಿ ಮಗು ಉಸಿರೆಳೆದುಕೊಳ್ಳುತ್ತದೆ. ಹಾಗಾಗಿ ಪ್ರಶ್ನೆಗೆ ಎಂಟು, ಉತ್ತರಕ್ಕೆ ಎಂಟು ಎಂದು ಗೊತ್ತುಮಾಡಿದೆ. ನಾಲ್ಕು ಮಾತ್ರೆಗೊಂದು ಚಪ್ಪಾಳೆಯಾದರೆ ಒಂದು ಸಾಲಿಗೆ ನಾಲ್ಕು ಚಪ್ಪಾಳೆ: ಎರಡು ಪ್ರಶ್ನೆಯವು, ಎರಡು ಉತ್ತರದವು. ‘ಮೂರೇಳ್ಲ’ ಎಂದ ಮೇಲೆ ಪ್ರಶ್ನೆಯ ಪಾತ್ರೆಯಲ್ಲಿ ಮೂರು ಮಾತ್ರೆ ಬರಿದಾಗಿ ಉಳಿಯುತ್ತದೆ. ಈ ಬರಿದು ಜಾಗವನ್ನು ಓದುಗರು ನೆನಪಿಟ್ಟಿರಬೇಕು. ಜಗಳವಾದದ್ದು ಅದರ ಮೇಲೆಯೇ.

ಅಕ್ಕನ ಮಗ ತಾಳ ಹಾಕುವ ಯಂತ್ರವನ್ನು ನಿಮಿಷಕ್ಕೆ ನೂರು ಚಪ್ಪಾಳೆಗೆ ಇಟ್ಟು ಒಂದು ಮಾದರಿ ಮಾಡಿಕೊಂಡು ಬಂದ. ಕೇಳುವುದಕ್ಕೆ ಬಹಳ ಉತ್ಸಾಹವಾಗಿತ್ತು, ಮದುವೆ ದಿಬ್ಬಣದ ವಾದ್ಯದಂತೆ. ಆದರೆ ಆ ವೇಗದಲ್ಲಿ ‘ಇಪ್ಪತ್ತೊಂದು’ ಎಂಬ ಏಳು ಮಾತ್ರೆಗೆ ಸಿಕ್ಕುವುದು ಒಂದು ಸೆಕೆಂಡಿಗೆ ಕೂದಲೆಳೆಯಷ್ಟು ಹೆಚ್ಚು. ಮೊಮ್ಮಗಳನ್ನು ಕೂರಿಸಿ ಹೇಳಿಸಿದೆವು. ಮೂರು, ಆರು, ಒಂಬತ್ತು ಇವು ಸೊಗಸಾಗಿ ಬಂದವು. ಇಪ್ಪತ್ತೊಂದರ ಹೊತ್ತಿಗೆ ಅವಳ ಬಾಯಲ್ಲಿ ‘ಇಪ್ಪತೂ’ ಎಂಬಷ್ಟೇ ಉಳಿದು, ಇಪ್ಪತ್ತೊಂದು, ಇಪ್ಪತ್ನಾಲ್ಕು, ಇಪ್ಪತ್ತೇಳು ಮೂರೂ ಒಂದೇ ಆಗಿಹೋದವು. ರಾಗ ಕೇಳಿದವರಿಗೆ ಮಗು ಮಗ್ಗಿ ಒಪ್ಪಿಸುತ್ತಿದೆ ಎಂದೇ ತೋರಬೇಕು. ಮಗ್ಗಿ ಮಾತ್ರ ಅಲ್ಲಿಲ್ಲ. ವೇಗ ಹೆಚ್ಚಾಯಿತೆಂದು ತಿಳಿಯುವ ಗುರುತು ಇದು: ಉತ್ತರದ ಬಾಲ ತುಂಡಾಗುತ್ತದೆ. ಕೊನೆಗೆ ಸೆಕೆಂಡಿಗೆ ಒಂದು ಚಪ್ಪಾಳೆ ಎಂದು ನಿಲ್ಲಿಸಿದೆವು. ಸಾಲಿಗೆ ನಾಲ್ಕು ಸೆಕೆಂಡು, ಹತ್ತು ಸಾಲಿಗೆ ನಲವತ್ತು. ಬಾಯಿ ಪಳಗಿದ ಮೇಲಿನ ಕೊನೆಯ ಸುತ್ತಿಗೆ ಮಾತ್ರ ನಿಮಿಷಕ್ಕೆ ಎಂಬತ್ತು ಚಪ್ಪಾಳೆ. ಆಗ ಇಡೀ ಮಗ್ಗಿ ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ಇನ್ನು ಎಡಗಡೆಯ ಅಂಕಣ. ಕಣ್ಣಿಗೆ ಏನು ತೋರಿಸಬೇಕು? ಅಕ್ಕನ ಮಗನ ಬಳಿ ಬಣ್ಣಬಣ್ಣದ ಹಣ್ಣುಗಳು, ಬಲೂನುಗಳು, ಕುಣಿಯುವ ಕರಡಿಗಳು ಬೇಕಾದಷ್ಟಿದ್ದವು. ಮೂರು ಕಿತ್ತಳೆ, ಆರು ಕಿತ್ತಳೆ, ಒಂಬತ್ತು ಕಿತ್ತಳೆ ಎಂದು ತೆರೆ ತುಂಬ ಚೆಲ್ಲಬಹುದು. ಆದರೆ ಚೆಲ್ಲಿದ ಹಣ್ಣನ್ನು ಕಂಡೊಡನೆ ಮಗು ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತದೆ. ಅದು ಏಳನೆಯ ಹಣ್ಣಿಗೆ ಬರುವಷ್ಟರಲ್ಲಿ ಮಗ್ಗಿ ಎರಡು ಸಾಲು ಮುಂದೆ ಹೋಗಿರುತ್ತದೆ. ಎಣಿಸುವುದು ಬೇರೆ, ಗುಣಿಸುವುದು ಬೇರೆ. ಕಟ್ಟು ಕಟ್ಟಾಗಿ ನೋಡುವುದು ಗುಣಾಕಾರದ ಗುಟ್ಟು. ಹಾಗಾಗಿ ತನ್ನ ಮೈಮೇಲೆಯೇ ಸಂಖ್ಯೆಯನ್ನು ಹೊತ್ತಿರುವ ಸಾಮಾನು ಬೇಕು, ಬಿಡಿಸಿದರೂ ಬಿಡಿಯಾಗದಂಥದು.

ಮೂರಕ್ಕೆ ಅಂಥದು ನಮ್ಮ ಬೀದಿಯಲ್ಲಿಯೇ ಓಡಾಡುತ್ತಿತ್ತು. ಆಟೋರಿಕ್ಷಾ! ಯಾವ ಆಟೋವನ್ನು ನಿಲ್ಲಿಸಿ ನೋಡಿದರೂ ಚಕ್ರ ಮೂರೇ. ಪ್ರತಿ ಸಾಲಿಗೂ ಬಲಗಡೆಯಿಂದ ಒಂದು ಆಟೋ ಬಂದು ಸಾಲಿನಲ್ಲಿ ನಿಲ್ಲುವುದು. ಅದರ ಮೂರು ಚಕ್ರ ಮಾತ್ರ ತೆರೆಯ ಕೆಳಗಡೆ ಮೂರು ಕಪ್ಪು ಬಳೆಗಳಾಗಿ ಒಟ್ಟಿಗೆ ಬಂದು ಕೂರುವುದು. ‘ಮೂರ್ನಾಕ್ಲ’ ಎಂದಾಗ ನಾಲ್ಕು ಆಟೋ, ನಾಲ್ಕು ಕಟ್ಟು ಚಕ್ರ. ಇಲ್ಲೊಂದು ಎಚ್ಚರ ಬೇಕು. ಇದೇ ಸಾಲಿಗೆ ಮೂರು ಕುರ್ಚಿಗಳನ್ನು ತೋರಿಸಿದರೂ ಕಾಲುಗಳು ಹನ್ನೆರಡೇ; ಆದರೆ ಅದು ನಾಲ್ಕರ ಮಗ್ಗಿಯ ಚಿತ್ರ, ಮೂರರದಲ್ಲ. ಮೊದಲ ದಿನವೇ ಎರಡನ್ನೂ ಬೆರೆಸಿದರೆ ಯಾವುದು ಕಟ್ಟು, ಯಾವುದು ಕಟ್ಟುಗಳ ಎಣಿಕೆ ಎಂಬುದೇ ಮಗುವಿಗೆ ತಿಳಿಯದು.

ಎರಡೂ ಒಂದೇ ಎಂಬುದನ್ನು ಕೊನೆಯಲ್ಲಿ ಬೇರೆಯಾಗಿ ತೋರಿಸಿದೆವು. ಚೌಕವಾದ ತಟ್ಟೆಯ ಮೇಲೆ ಹುಣಿಸೆಬೀಜಗಳನ್ನು ಸಾಲಿಗೆ ಮೂರರಂತೆ ನಾಲ್ಕು ಸಾಲು ಜೋಡಿಸಿ, ತಟ್ಟೆಯನ್ನು ಕಾಲು ಸುತ್ತು ತಿರುಗಿಸುವುದು. ಈಗ ಸಾಲಿಗೆ ನಾಲ್ಕರಂತೆ ಮೂರು ಸಾಲು. ಬೀಜ ಒಂದೂ ಅಲುಗಿಲ್ಲ. ಇದೊಂದು ತಿರುವು ಮಗುವಿನ ಹೊರೆಯನ್ನು ಎಷ್ಟು ಇಳಿಸುತ್ತದೆ ನೋಡಿ. ಎರಡರಿಂದ ಒಂಬತ್ತರ ತನಕದ ಮಗ್ಗಿಗಳಲ್ಲಿ, ಎರಡರಿಂದ ಒಂಬತ್ತರ ಸಾಲುಗಳನ್ನು ಮಾತ್ರ ಹಿಡಿದರೆ ಅರವತ್ನಾಲ್ಕು ಉತ್ತರಗಳನ್ನು ಕಲಿಯಬೇಕು. ತಟ್ಟೆ ತಿರುಗಿಸುವುದು ಗೊತ್ತಿದ್ದರೆ ಮೂವತ್ತಾರು ಸಾಕು.

ಬೆರಳಾಟಕ್ಕೆ ನನ್ನ ತಾಯಿಯೇ ಗುರು. ಜಪ ಮಾಡುವಾಗ ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ನಡೆಯುತ್ತದೆ. ಹೆಬ್ಬೆರಳನ್ನು ಬಿಟ್ಟು ಯಾವ ಬೆರಳನ್ನು ನೋಡಿದರೂ ಗೆಣ್ಣು ಮೂರು. ಮೂರರ ಮಗ್ಗಿಯನ್ನು ದೇವರು ಕೈಯಲ್ಲಿಯೇ ಬರೆದು ಕಳಿಸಿದ್ದಾನೆ ಎನ್ನಬೇಕು. ತೋರುಬೆರಳಿನ ಮೂರು ಗೆಣ್ಣು ಮುಟ್ಟಿದರೆ ಮೂರು, ನಡುಬೆರಳಿನದೂ ಆದರೆ ಆರು, ಉಂಗುರದ ಬೆರಳು ಒಂಬತ್ತು, ಕಿರುಬೆರಳು ಹನ್ನೆರಡು. ಆ ಕಡೆಯ ಕೈಯೂ ಮುಗಿದರೆ ಇಪ್ಪತ್ನಾಲ್ಕು. ಅಲ್ಲಿಗೆ ಬೆರಳು ಮುಗಿಯಿತು, ಮಗ್ಗಿ ಎರಡು ಸಾಲು ಉಳಿಯಿತು. ಮತ್ತೆ ಮೊದಲ ಕೈಗೆ ಬಂದು ಎರಡು ಬೆರಳು ಹೆಚ್ಚು ಎಣಿಸಬೇಕು. ಪ್ರಶ್ನೆಯ ಎರಡು ಚಪ್ಪಾಳೆಯ ಹೊತ್ತಿನಲ್ಲಿ ಮೂರು ಗೆಣ್ಣು ಮುಟ್ಟಿ, ಉತ್ತರದ ಮೊದಲ ಚಪ್ಪಾಳೆಗೆ ಆ ಬೆರಳನ್ನು ಮಡಿಸುವುದು ಎಂದು ಸ್ಕ್ರಿಪ್ಟಿನಲ್ಲಿ ಬರೆದೆ. ಕೈ ಬಿಡುವಿಲ್ಲದಿರುವುದರಿಂದ ಇಲ್ಲಿ ಚಪ್ಪಾಳೆ ತಟ್ಟುವುದು ಮಗುವಲ್ಲ, ಹಿನ್ನೆಲೆಯ ತಾಳ.

ಒಂಬತ್ತರ ಮಗ್ಗಿಗೆ ಬೇರೆ ಬೆರಳಾಟವುಂಟು, ಅನೇಕರಿಗೆ ಗೊತ್ತಿರಬಹುದು. ಎರಡು ಕೈಗಳನ್ನೂ ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿ, ಎಡಗೈಯ ಕಿರುಬೆರಳಿನಿಂದ ಒಂದು ಎರಡು ಎಂದು ಹತ್ತರ ತನಕ ಎಣಿಸಿಕೊಳ್ಳಬೇಕು. ಒಂಬತ್ತು ಮೂರು ಎಷ್ಟೆಂದರೆ ಮೂರನೆಯ ಬೆರಳನ್ನು ಮಡಿಸಿ. ಅದರ ಎಡಕ್ಕೆ ಎರಡು ಬೆರಳು, ಬಲಕ್ಕೆ ಏಳು: ಇಪ್ಪತ್ತೇಳು. ಒಂಬತ್ತು ನಾಲ್ಕಕ್ಕೆ ನಾಲ್ಕನೆಯದನ್ನು ಮಡಿಸಿ: ಮೂರು, ಆರು, ಮೂವತ್ತಾರು. ಇದರಲ್ಲಿ ಮಾಯವೇನಿಲ್ಲ. ಒಂಬತ್ತು ಕೂಡಿಸುವುದೆಂದರೆ ಹತ್ತು ಕೂಡಿಸಿ ಒಂದು ಕಳೆಯುವುದು. ಮಡಿಸಿದ ಬೆರಳು ಒಂದು ಹೆಜ್ಜೆ ಬಲಕ್ಕೆ ಸರಿದಾಗ ಎಡಗಡೆಗೆ ಒಂದು ಬೆರಳು ಸೇರುತ್ತದೆ, ಬಲಗಡೆಯಿಂದ ಒಂದು ಹೋಗುತ್ತದೆ. ಹತ್ತರ ಸ್ಥಾನ ಏರಿತು, ಬಿಡಿಸ್ಥಾನ ಇಳಿಯಿತು. ಈ ಆಟ ಒಂಬತ್ತಕ್ಕೆ ಮಾತ್ರ ಸಲ್ಲುತ್ತದೆ, ಅದೂ ಹತ್ತರ ತನಕ.

ವೀಡಿಯೊದಲ್ಲಿ ಇದನ್ನು ತೋರಿಸುವಾಗ ಒಂದು ಮೋಸವಿದೆ. ಹೇಳಿಕೊಡುವವರು ಕ್ಯಾಮರಾಕ್ಕೆ ಎದುರಾಗಿ ಕೂತು ಕೈಯೆತ್ತಿ ಹಿಡಿದರೆ ಅವರ ಎಡ ನೋಡುವ ಮಗುವಿಗೆ ಬಲ. ಅವರು ಮೂರನೆಯ ಬೆರಳು ಮಡಿಸಿ ಇಪ್ಪತ್ತೇಳು ಎನ್ನುತ್ತಾರೆ. ಮಗು ಎಡದಿಂದ ಓದಿ ಏಳು, ಎರಡು, ಎಪ್ಪತ್ತೆರಡು ಎನ್ನುತ್ತದೆ. ಎಪ್ಪತ್ತೆರಡೂ ಒಂಬತ್ತರ ಮಗ್ಗಿಯಲ್ಲಿಯೇ ಇರುವ ಉತ್ತರವಾದ್ದರಿಂದ ಯಾರಿಗೂ ಅನುಮಾನ ಬಾರದು. ತೆರೆಯ ಮೇಲಿನ ಚಿತ್ರವನ್ನು ಕನ್ನಡಿಯಂತೆ ತಿರುಗಿಸಬಹುದು ಎನ್ನಬೇಡಿ. ಹಿಂದಿನ ಗೋಡೆಯ ಮೇಲೆ ಬರೆದ ಅಂಕಿಗಳೂ ತಿರುಗಿಬಿಡುತ್ತವೆ. ಕ್ಯಾಮರಾವನ್ನು ಹೇಳಿಕೊಡುವವರ ಹೆಗಲ ಹಿಂದಿನಿಂದ, ಮೇಜಿನ ಮೇಲಿನ ಕೈಗಳನ್ನು ನೋಡುವಂತೆ ಇಟ್ಟರೆ ಸರಿ. ಆಗ ತೆರೆಯ ಮೇಲಿನ ಕೈಗಳು ಮಗುವಿನ ಕೈಗಳಂತೆಯೇ ಕಾಣುತ್ತವೆ.

ಈಗ ಜಗಳಕ್ಕೆ ಬರೋಣ. ನಮ್ಮ ಬೀದಿಯಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ದುಡಿದು ನಿವೃತ್ತರಾದ ಟೀಚರಮ್ಮ ಒಬ್ಬರಿದ್ದಾರೆ. ಸ್ಕ್ರಿಪ್ಟನ್ನು ಅವರಿಗೆ ತೋರಿಸಿದೆ. ಓದಿ, “ಚೆನ್ನಾಗಿದೆ ಸಾರ್. ಮಕ್ಕಳು ಒಂದು ವಾರದಲ್ಲಿ ಹಾಡಿಬಿಡುತ್ತಾರೆ. ಆಮೇಲೆ ಮೂರೆಂಟ್ಲ ಎಷ್ಟು ಅಂತ ಒಂದನ್ನೇ ಕೇಳಿ, ಆಗ ಉತ್ತರ ಕೇಳಿಸಿಕೊಳ್ಳಬೇಡಿ, ತುಟಿ ನೋಡಿ” ಎಂದರು.

ಹಾಗೆಯೇ ಮಾಡಿದೆ. ಮೊಮ್ಮಗಳು ಆ ಹೊತ್ತಿಗೆ ಮೂರರ ಮಗ್ಗಿಯನ್ನು ಕುಣಿಯುತ್ತ ಹಾಡುತ್ತಿದ್ದಳು. “ಮೂರೆರಡ್ಲ?” ಎಂದೆ. “ಆರು” ಥಟ್ಟನೆ ಬಂತು. “ಮೂರೆಂಟ್ಲ?” ಎಂದೆ. ಕಣ್ಣು ಮೇಲಕ್ಕೆ ಹೋಯಿತು, ತುಟಿಗಳು ಆಡತೊಡಗಿದವು. ಮೂರೊಂದ್ಲ ಮೂರರಿಂದ ಹಿಡಿದು ಏಳು ಸಾಲು ಒಳಗೊಳಗೇ ಓಡಿ ಎಂಟನೆಯದಕ್ಕೆ ಬಂದು, “ಇಪ್ಪತ್ನಾಲ್ಕು!” ಎಂದಳು. ಉತ್ತರ ಸರಿ. ಆದರೆ ಅವಳಲ್ಲಿದ್ದುದು ಉತ್ತರವಲ್ಲ, ಹಾಡು. ಭಜನೆಯ ನಡುವಣ ಒಂದು ಸಾಲನ್ನು ಕೇಳಿದರೆ ನಾವೂ ಪಲ್ಲವಿಯಿಂದ ಶುರುಮಾಡುವುದಿಲ್ಲವೆ? ಇದನ್ನು ಗುರುತಿಸುವ ಬಗೆ ಸುಲಭ: ಕೇಳಿದ ಸಾಲು ದೂರವಾದಷ್ಟೂ ಉತ್ತರ ತಡವಾಗುತ್ತದೆ. ಎರಡಕ್ಕೂ ಎಂಟಕ್ಕೂ ಹೆಚ್ಚು ಕಡಮೆ ಒಂದೇ ಹೊತ್ತು ಹಿಡಿದರೆ ಮಗ್ಗಿ ಬಂದಿದೆ ಎಂದು ಅರ್ಥ.

ಈ ಸರಪಣಿಯನ್ನು ಬಿಡಿಸಲು ಎರಡನೆಯ ಸುತ್ತನ್ನೂ ಮೂರನೆಯ ಸುತ್ತನ್ನೂ ಬೇರೆ ಬರೆದೆ. ಎರಡನೆಯದರಲ್ಲಿ ಪ್ರಶ್ನೆ ಮಾತ್ರ ನಮ್ಮದು. ಉತ್ತರದ ಎಂಟು ಮಾತ್ರೆಯಲ್ಲಿ ಧ್ವನಿಯಿಲ್ಲ, ಆ ಜಾಗ ಮಗುವಿನದು. ಪ್ರಶ್ನೆಯ ಬಾಲದಲ್ಲಿ ಬರಿದಾಗಿದ್ದ ಮೂರು ಮಾತ್ರೆಯೂ ಸೇರಿ ಯೋಚಿಸಿ ಹೇಳಲು ಮೂರು ಸೆಕೆಂಡಿಗೆ ತುಸು ಕಡಮೆ ಸಿಕ್ಕುತ್ತದೆ. ಮೊದಲಿನಿಂದ ಹಾಡಿಕೊಂಡು ಬರುವುದಕ್ಕೆ ಅಷ್ಟು ಹೊತ್ತು ಸಾಲದು, ನೆನಪಿನಿಂದ ತೆಗೆಯುವುದಕ್ಕೆ ಸಾಕು. ಮೂರನೆಯ ಸುತ್ತಿನಲ್ಲಿ ಸಾಲುಗಳ ವರಸೆಯೇ ಕೆಟ್ಟಿರುತ್ತದೆ, ಆದರೆ ಒಂದು ಕ್ರಮದಲ್ಲಿ. ಮೊದಲು ಮೂರ್ಹತ್ಲ, ಮೂರೈದ್ಲ: ಇವು ಕೈಮರಗಳು. ಆಮೇಲೆ ಮೂರೊಂಬತ್ಲ: ಹತ್ತು ಆಟೋಗಳಲ್ಲಿ ಒಂದು ಹೊರಟುಹೋಗುತ್ತದೆ, ಮೂವತ್ತರಲ್ಲಿ ಮೂರು ಕಳೆಯಿತು. ಆಮೇಲೆ ಮೂರಾರ್ಲ: ಐದು ಆಟೋಗಳ ಬಳಿ ಇನ್ನೊಂದು ಬಂದು ನಿಲ್ಲುತ್ತದೆ. ಕೊನೆಯಲ್ಲಿ ಕಷ್ಟದ ಏಳು, ಎಂಟು.

ಅಕ್ಕನ ಮಗ ಎರಡನೆಯ ಸುತ್ತನ್ನು ನೋಡಿ ತಲೆಯ ಮೇಲೆ ಕೈ ಹೊತ್ತ.

“ಮಾವ, ಸಾಲು ಸಾಲಿಗೂ ಎರಡು ಸೆಕೆಂಡು ಮೌನವೇ? ವೀಡಿಯೊದಲ್ಲಿ ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ಫೋನು ಕೆಟ್ಟಿದೆ ಅಂದುಕೊಂಡು ಜನ ಬೆರಳಿಂದ ಮುಂದಕ್ಕೆ ತಳ್ಳಿಬಿಡುತ್ತಾರೆ.”

“ಅದು ಮೌನವಲ್ಲ ಕಣೋ, ಮಗುವಿನ ಸರದಿ.”

“ಮಗು ಹೇಳದಿದ್ದರೆ?”

“ಹೇಳದಿದ್ದರೆ ಅದಕ್ಕೆ ಬಂದಿಲ್ಲ ಎಂದು ತಿಳಿಯುತ್ತದೆ. ನೀನು ಇಡೀ ಮಗ್ಗಿಯನ್ನು ನೀನೇ ಹಾಡಿಬಿಟ್ಟರೆ ಅದೂ ತಿಳಿಯುವುದಿಲ್ಲವಲ್ಲ.”

ಮಾತು ಬೆಳೆಯಿತು. ಅವನದೂ ಸುಳ್ಳಲ್ಲ, ನೋಡುವವರಿಲ್ಲದ ವೀಡಿಯೊ ಯಾರಿಗೆ ಏನು ಕಲಿಸೀತು? ಕೊನೆಗೆ ಟೀಚರಮ್ಮನವರೇ ಪಂಚಾಯತಿ ಮಾಡಿದರು. ಉತ್ತರದ ಹೊತ್ತಿನಲ್ಲಿ ಧ್ವನಿ ನಿಲ್ಲಲಿ, ತಾಳ ನಿಲ್ಲುವುದು ಬೇಡ. ಎರಡು ಚಪ್ಪಾಳೆ ಕೇಳುತ್ತಿರಲಿ, ಆಟೋದ ಚಕ್ರ ತಿರುಗುತ್ತಿರಲಿ. ಎಂಟನೆಯ ಮಾತ್ರೆ ಮುಗಿದ ಮೇಲೆ ಹಾರನ್ನು ‘ಪೋಂ’ ಎಂದು, ಉತ್ತರದ ಅಂಕಿ ಆಟೋದ ಮೇಲೆ ಮೂಡಲಿ. ಅಂಕಿ ಮುಂಚೆ ಬಂದರೆ ಮಗು ಓದುತ್ತದೆ, ಆಮೇಲೆ ಬಂದರೆ ತನ್ನ ಉತ್ತರವನ್ನು ಒಪ್ಪಿಸಿ ನೋಡಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ. ಹಾಗೆ ಮಾಡಿ ಮೊಮ್ಮಗಳ ಮುಂದೆ ಇಟ್ಟೆವು. ಮೊದಲ ದಿನ ಹತ್ತರಲ್ಲಿ ನಾಲ್ಕು ಸಾಲಿಗೆ ಅವಳು ಹಾರನ್ನಿಗಿಂತ ಮುಂಚೆ ಬಂದಳು. ಐದನೆಯ ದಿನ ಒಂಬತ್ತಕ್ಕೆ. ಆಟೋವನ್ನು ಸೋಲಿಸುವುದು ಅವಳಿಗೆ ಒಂದು ಪಂದ್ಯವೇ ಆಗಿಹೋಗಿ, ಸೋತ ಆ ಒಂದು ಸಾಲಿನ ಮೇಲೆ ಹಲ್ಲು ಕಡಿದಳು. ಅದು ಮೂರೇಳ್ಲ.

ಇಷ್ಟರಿಂದಲೇ ಸಕಲವೂ ಸಿದ್ಧಿಸಿತೆಂದು ಹೇಳಲಾರೆ. ಮೂರರ ಮಗ್ಗಿ ಬಂತು, ನಾಲ್ಕು ಐದು ಬಂದವು. ಐವತ್ನಾಲ್ಕು, ಅರವತ್ನಾಲ್ಕು ಎಂಬ ಒಂದೇ ಬಾಲದ ಮಾತುಗಳು ಮುಂದಿನ ಮಗ್ಗಿಗಳಲ್ಲಿ ಕಾದಿವೆ. ಅವುಗಳ ಮೊದಲ ಅಕ್ಷರವನ್ನು ಒತ್ತಿ ಹೇಳಬೇಕೆಂದು ಧ್ವನಿ ಕೊಡುವವರಿಗೆ ಈಗಲೇ ಬರೆದಿಟ್ಟಿದ್ದೇನೆ. ಆದರೆ ಅಳಗುಳಿಮಣೆಯ ಬಳಿ ನನ್ನ ದುಭಾಷಿಯ ಕೆಲಸ ತಪ್ಪಿತು. ಮೊನ್ನೆ ಕಾಲೇಜಿನಿಂದ ಬಂದಾಗ ಒಳಗಿನಿಂದ ‘ಐದೇಳ್ಲ’ ಎಂದು ಒಂದು ಧ್ವನಿ, ಅದು ಮುಗಿಯುವ ಮುಂಚೆಯೇ ‘ಮೂವತ್ತೈದು’ ಎಂದು ಇನ್ನೊಂದು ಧ್ವನಿ ಕೇಳಿಸಿತು. ಎಪ್ಪತ್ತೈದು ವರ್ಷದ ಅಂತರವಿರುವ ಎರಡು ಧ್ವನಿಗಳು. ನಾನು ಒಳಗೆ ಹೋಗದೆ ಜಗುಲಿಯಲ್ಲಿಯೇ ಸ್ವಲ್ಪ ಹೊತ್ತು ಕೂತಿದ್ದೆ.

ಈಗ ನನ್ನ ಮೇಜಿನ ಮೇಲಿರುವುದು ಏಳರ ಮಗ್ಗಿ. ಕಟ್ಟಿಗೆ ವಾರವನ್ನು ಹಿಡಿದಿದ್ದೇನೆ. ಯಾವ ವಾರವನ್ನು ಎಣಿಸಿದರೂ ದಿನ ಏಳೇ. ಮೊದಲ ಆರು ಸಾಲು ತಾಳಕ್ಕೆ ಸರಿಯಾಗಿ ಕೂತವು. ಏಳನೆಯದಕ್ಕೆ ಬಂದು ಪೆನ್ಸಿಲು ನಿಂತಿತು. ‘ನಲವತ್ತೊಂಬತ್ತು’: ಒಂಬತ್ತು ಮಾತ್ರೆ! ಹತ್ತರ ತನಕದ ಎಲ್ಲ ಮಗ್ಗಿಗಳ ಉತ್ತರಗಳಲ್ಲಿ ಎಂಟರ ಪಾತ್ರೆಯಿಂದ ಹೊರಕ್ಕೆ ಚೆಲ್ಲುವುದು ಇದೊಂದೇ. ಛಂದಸ್ಸಿನವನಾಗಿ ನಾನು ಸಾಲಿನ ಮೊದಲಲ್ಲಿ ಹೆಚ್ಚಿನ ಮಾತ್ರೆ ಸೇರಿಸುವ ಪದ್ಮಗಣವನ್ನು ನೆನೆದುಕೊಂಡು, ಉತ್ತರವನ್ನು ಒಂದು ಮಾತ್ರೆ ಮುಂಚೆ ಎತ್ತಿಕೊಳ್ಳುವುದೆಂದು ಬರೆದೆ. ಬರೆದದ್ದನ್ನು ಮೊಮ್ಮಗಳಿಗೆ ತಾಳ ಹಾಕಿ ಹೇಳಿಸಿದೆ. ಅವಳು ನನ್ನ ಪದ್ಮಗಣವನ್ನು ಕಿವಿಗೇ ಹಾಕಿಕೊಳ್ಳದೆ, ‘ಏಳೇಳ್ಲ, ನಲ್ವತ್ತೊಂಬತ್’ ಎಂದು ಕೊನೆಯ ಅಕ್ಷರವನ್ನು ನುಂಗಿ, ಸರಿಯಾಗಿ ಎಂಟು ಮಾತ್ರೆಗೆ ನಿಲ್ಲಿಸಿ, ಉಸಿರನ್ನೂ ಎಳೆದುಕೊಳ್ಳದೆ ಏಳೆಂಟಕ್ಕೆ ಹೋದಳು. ಪದ್ಮಗಣವನ್ನು ಹೊಡೆದುಹಾಕಿ ಹಾಗೆಯೇ ಬರೆದುಕೊಂಡೆ.